ಯಾರಿಗೆ ಬಾಕಿ, ಎಂದಿನಿಂದ ಬಾಕಿ

ಪ್ರತಿ ವರ್ಷ ಜೂನ್ 30ರೊಳಗೆ ನಮ್ಮ ಆಸ್ಪತ್ರೆಗಳೆಲ್ಲ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ವಾರ್ಷಿಕ ವರದಿ ಕೊಡಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಅದಕ್ಕೆ ‘ಫಾರಂ 4’ ಎಂದು ಹೆಸರು. ಹಿಂದಿನ ವರ್ಷದ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ ಅದರಲ್ಲಿರಬೇಕು. ಎಷ್ಟು ಕಿಲೋ ತ್ಯಾಜ್ಯ ಹೊರಟಿತು, ಯಾವ ಬಣ್ಣದ ಚೀಲದಲ್ಲಿ ಎಷ್ಟು ಹೋಯಿತು ಎಂಬುದನ್ನೆಲ್ಲ ತುಂಬಿಸುತ್ತ ಬಂದವರು ತರಬೇತಿಯ ಭಾಗಕ್ಕೆ ಬಂದಾಗ ಸ್ವಲ್ಪ ತಡೆಯುತ್ತಾರೆ. ಎಷ್ಟು ತರಬೇತಿ ನಡೆಸಿದಿರಿ ಎಂಬುದಕ್ಕೆ ಉತ್ತರವಿದೆ. ಎಷ್ಟು ಜನ ತರಬೇತಿ ಪಡೆದರು ಎಂಬುದಕ್ಕೂ ಇದೆ. ಆಮೇಲೆ ಇನ್ನೊಂದು ಸಾಲು ಬರುತ್ತದೆ: ಇದುವರೆಗೆ ಯಾವ ತರಬೇತಿಯನ್ನೂ ಪಡೆಯದ ಸಿಬ್ಬಂದಿ ಎಷ್ಟು?

ಬಹಳ ಕಡೆ ಅಲ್ಲಿ ಸೊನ್ನೆ ಬರೆಯುತ್ತಾರೆ. ಸುಳ್ಳು ಹೇಳಬೇಕೆಂದು ಬರೆಯುವುದಲ್ಲ. ಬಂದವರ ಲೆಕ್ಕ ಇಡುವುದು ಸುಲಭ, ಅವರು ಸಹಿ ಹಾಕಿ ಹೋಗಿರುತ್ತಾರೆ. ಬಾರದವರು ಎಲ್ಲೂ ಸಹಿ ಹಾಕುವುದಿಲ್ಲ. ಹಾಜರಾತಿ ಪುಸ್ತಕವನ್ನು ಎಷ್ಟು ಸಲ ತಿರುವಿದರೂ ಅವರ ಹೆಸರು ಅದರಲ್ಲಿ ಸಿಗುವುದಿಲ್ಲ. ಆ ಹೆಸರುಗಳನ್ನು ಹೊರಗೆ ತರಲು ಇರುವ ಸಾಧನವೇ ತರಬೇತಿ ಕೋಷ್ಟಕ. ಕ್ವಾಲಿಟಿ ವಿಭಾಗದವರು ಅದನ್ನು ‘ಟ್ರೈನಿಂಗ್ ಮ್ಯಾಟ್ರಿಕ್ಸ್’ ಎನ್ನುತ್ತಾರೆ. ಎಡಗಡೆ ಸಿಬ್ಬಂದಿಯ ಹೆಸರು, ಮೇಲ್ಗಡೆ ಕಡ್ಡಾಯ ತರಬೇತಿಗಳು, ಅವೆರಡೂ ಸೇರುವ ಚೌಕದಲ್ಲಿ ಆ ವ್ಯಕ್ತಿ ಆ ತರಬೇತಿ ಮುಗಿಸಿದ್ದಾರೋ ಇಲ್ಲವೋ ಎಂಬ ಸ್ಥಿತಿ. ನೋಡಲು ಶಾಲೆಯ ಅಂಕಪಟ್ಟಿಯ ಹಾಗೆ ಸರಳ. ಆದರೆ ಅದನ್ನು ಕಟ್ಟುವ ಬಗೆಯಲ್ಲಿ ಒಂದೆರಡು ಕಡೆ ಎಡವಿದರೆ, ಇಲ್ಲದ ನೆಮ್ಮದಿಯನ್ನು ಅದು ತಂದುಕೊಡುತ್ತದೆ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ತಾಲ್ಲೂಕು ಕೇಂದ್ರದ ಒಂದು ಖಾಸಗಿ ಆಸ್ಪತ್ರೆ, ಅರವತ್ತು ಹಾಸಿಗೆಯದು ಎಂದಿಟ್ಟುಕೊಳ್ಳಿ. ಎಚ್‌ಆರ್ ಪಟ್ಟಿಯಲ್ಲಿ 78 ಹೆಸರುಗಳಿವೆ. ಕ್ವಾಲಿಟಿ ನೋಡಿಕೊಳ್ಳುವ ಸಿಸ್ಟರ್ ಆ ಪಟ್ಟಿಯನ್ನು ಎಕ್ಸೆಲ್ ಹಾಳೆಗೆ ಹಾಕಿ, ತ್ಯಾಜ್ಯ ನಿರ್ವಹಣೆ ತರಬೇತಿಗೆ ಬಂದವರ ಮುಂದೆ ಟಿಕ್ ಗುರುತು ಹಾಕುತ್ತ ಬಂದಿದ್ದಾರೆ. 72 ಟಿಕ್ ಆಗಿವೆ. 78ಕ್ಕೆ 72 ಅಂದರೆ ಶೇ. 92. ಆಡಳಿತ ಮಂಡಳಿಯ ಸಭೆಯಲ್ಲಿ ಎಲ್ಲರಿಗೂ ಸಮಾಧಾನ.

ಈ ಶೇ. 92ರಲ್ಲಿ ತಪ್ಪು ಎಲ್ಲಿ ಕೂತಿದೆ? ಮೊದಲನೆಯದು ಟಿಕ್ ಗುರುತಿನಲ್ಲೇ ಇದೆ. ಟಿಕ್‌ಗೆ ವಯಸ್ಸಿಲ್ಲ. ಕಳೆದ ತಿಂಗಳು ಬಂದವರಿಗೂ ಎರಡು ವರ್ಷದ ಹಿಂದೆ ಬಂದವರಿಗೂ ಅದೇ ಗುರುತು. ನಿಯಮ ಹೇಳುವುದು ಕೆಲಸಕ್ಕೆ ಸೇರುವಾಗ ಒಮ್ಮೆ, ಅನಂತರ ವರ್ಷಕ್ಕೆ ಒಮ್ಮೆಯಾದರೂ ತರಬೇತಿ ಆಗಬೇಕು ಎಂದು. ಟಿಕ್ ಹಾಕಿದ ದಿನವೇ ನಾವು ‘ಯಾವಾಗ’ ಎಂಬ ಮಾಹಿತಿಯನ್ನು ಎಸೆದುಬಿಟ್ಟಿರುತ್ತೇವೆ. ಆದ್ದರಿಂದ ಟಿಕ್ ಇರುವ ಕಡೆಯೆಲ್ಲ ದಿನಾಂಕ ಬರಬೇಕು. ಬದಲಾವಣೆ ಇಷ್ಟೇ ಚಿಕ್ಕದು. ಉಳಿದ ಕೆಲಸವೆಲ್ಲ ಇದರ ಬೆನ್ನಿಗೇ ಬರುತ್ತದೆ.

ಎರಡನೆಯದು ಖಾಲಿ ಚೌಕ. ಖಾಲಿ ಬಿಟ್ಟ ಚೌಕಕ್ಕೆ ಮೂರು ಅರ್ಥ ಇರಬಹುದು: ಆ ವ್ಯಕ್ತಿ ತರಬೇತಿಗೆ ಬಂದಿಲ್ಲ, ಆ ಕೆಲಸದವರಿಗೆ ಈ ತರಬೇತಿ ಬೇಕಾಗಿಯೇ ಇಲ್ಲ, ಅಥವಾ ಬಂದಿದ್ದಾರೆ, ಬರೆಯಲು ಮರೆತಿದ್ದಾರೆ. ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವರ ಚೌಕ ಖಾಲಿ ಇದ್ದರೆ ಚಿಂತೆಯಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯ ಟೆಕ್ನಿಷಿಯನ್‌ರದು ಖಾಲಿ ಇದ್ದರೆ ಆ ದಿನವೇ ಕೇಳಬೇಕು. ಎರಡೂ ಒಂದೇ ಬಿಳಿ ಬಣ್ಣದಲ್ಲಿದ್ದರೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ಆದ್ದರಿಂದ ಕೋಷ್ಟಕದಲ್ಲಿ ಖಾಲಿ ಚೌಕ ಎಂಬುದೇ ಇರಬಾರದು. ಪ್ರತಿ ಚೌಕವೂ ಏನಾದರೊಂದು ಹೇಳಲೇಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಎಚ್‌ಆರ್ ಪಟ್ಟಿ ಸಂಬಳದ ಪಟ್ಟಿ. ಆಸ್ಪತ್ರೆ ಯಾರಿಗೆ ನೇರವಾಗಿ ಸಂಬಳ ಕೊಡುತ್ತದೋ ಅವರ ಹೆಸರು ಮಾತ್ರ ಅದರಲ್ಲಿರುತ್ತದೆ. ವಾರ್ಡಿನಿಂದ ಹಳದಿ, ಕೆಂಪು ಚೀಲಗಳನ್ನು ಎತ್ತಿಕೊಂಡು ಹೋಗುವ ಹೌಸ್‌ಕೀಪಿಂಗ್‌ನವರು ಈಗ ಹೆಚ್ಚಿನ ಕಡೆ ಹೊರಗುತ್ತಿಗೆಯವರು. ಅವರ ಸಂಬಳ ಏಜೆನ್ಸಿಯದು, ಹೆಸರು ಏಜೆನ್ಸಿಯ ಪುಸ್ತಕದಲ್ಲಿ. ಆದರೆ ನಿಯಮದ ಮಾತು ‘ಆರೋಗ್ಯ ಕಾರ್ಯಕರ್ತರಿಗೆ ಮತ್ತು ಜೈವಿಕ ತ್ಯಾಜ್ಯ ನಿರ್ವಹಿಸುವ ಇತರರಿಗೆ’ ಎಂಬ ಅರ್ಥದ್ದು. ಸಂಬಳ ಯಾರು ಕೊಡುತ್ತಾರೆ ಎಂದು ಅದು ಕೇಳುವುದಿಲ್ಲ. ಕಸದ ಜೊತೆ ಹೆಚ್ಚು ಹೊತ್ತು ಇರುವವರು, ತಪ್ಪಿ ಚೀಲಕ್ಕೆ ಬಿದ್ದ ಸೂಜಿ ಮೊದಲು ಚುಚ್ಚುವುದು ಯಾರಿಗೋ ಅವರು, ಅವರೇ ಪಟ್ಟಿಯಿಂದ ಹೊರಗೆ. ನಾನು ನೋಡಿದ ಕೋಷ್ಟಕಗಳಲ್ಲಿ ಇದರಷ್ಟು ಮತ್ತೆ ಮತ್ತೆ ಕಂಡ ತಪ್ಪು ಬೇರೆ ಇಲ್ಲ. ನನಗೆ ಇದರಷ್ಟು ಬೇಸರ ತಂದದ್ದೂ ಇಲ್ಲ.

ಹಾಗಾದರೆ ಕೋಷ್ಟಕವನ್ನು ಕಟ್ಟುವುದು ಹೇಗೆ? ಮೊದಲು ತಿಳಿಯಬೇಕಾದದ್ದು, ಕೋಷ್ಟಕದೊಳಗೆ ಯಾರೂ ಕೈಯಿಂದ ಏನನ್ನೂ ಬರೆಯಬಾರದು ಎಂಬುದು. ಅದು ಕನ್ನಡಿ ಇದ್ದ ಹಾಗೆ. ಮುಖದ ಮಸಿ ಒರೆಸಬೇಕಾದರೆ ಮುಖ ಒರೆಸಬೇಕು, ಕನ್ನಡಿಯನ್ನಲ್ಲ. ಮಾಹಿತಿ ಇರುವುದು ಹಿಂದಿನ ಮೂರು ಹಾಳೆಗಳಲ್ಲಿ. ಒಂದೇ ಎಕ್ಸೆಲ್ ಕಡತದೊಳಗೆ ಅವುಗಳಿಗೆ `Staff`, `Need`, `Log` ಎಂದು ಹೆಸರಿಡೋಣ.

`Staff` ಹಾಳೆಯಲ್ಲಿ ಒಬ್ಬರಿಗೆ ಒಂದು ಸಾಲು: ಸಿಬ್ಬಂದಿ ಸಂಖ್ಯೆ, ಹೆಸರು, ಹುದ್ದೆ, ವಿಭಾಗ, ಸೇರಿದ ದಿನ, ಬಿಟ್ಟ ದಿನ. ಸಿಬ್ಬಂದಿ ಸಂಖ್ಯೆ ಇಲ್ಲಿ ಅತಿ ಮುಖ್ಯ. ನಮ್ಮ ಕಡೆ ಒಂದೇ ಆಸ್ಪತ್ರೆಯಲ್ಲಿ ಮೂವರು ಮಂಜುಳಾ ಇರುವುದು ಸಾಮಾನ್ಯ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರದೇ ಹೆಸರು ಮೂರು ಬಗೆಯಲ್ಲಿ ಬೀಳುವುದೂ ಅಷ್ಟೇ ಸಾಮಾನ್ಯ. ಹೆಸರಿನ ಮೇಲೆ ಲೆಕ್ಕ ಕಟ್ಟಿದರೆ ಒಬ್ಬರ ತರಬೇತಿ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ನರ್ಸ್‌ಗೆ N-014, ಹೌಸ್‌ಕೀಪಿಂಗ್‌ಗೆ H-007 ಎಂಬಂಥ ಸಂಖ್ಯೆ ಹೊರಗುತ್ತಿಗೆಯವರಿಗೂ ಇರಲಿ. ಏಜೆನ್ಸಿ ಅವರಿಗೆ ಸಂಖ್ಯೆ ಕೊಡದಿದ್ದರೆ ಆಸ್ಪತ್ರೆಯೇ ಕೊಡಬೇಕು.

ಕೆಲಸ ಬಿಟ್ಟವರ ಸಾಲನ್ನು ಅಳಿಸಬಾರದು, ಬಿಟ್ಟ ದಿನ ಬರೆದರೆ ಸಾಕು. ಫಾರಂ 4ರಲ್ಲಿ ಕೇಳುವುದು ಕಳೆದ ವರ್ಷದ ಲೆಕ್ಕ. ಫೆಬ್ರುವರಿಯಲ್ಲಿ ಬಿಟ್ಟವರು ಡಿಸೆಂಬರ್ 31ರಂದು ನಮ್ಮಲ್ಲೇ ಇದ್ದರು. ಸಾಲು ಅಳಿಸಿದರೆ ಆ ದಿನದ ಚಿತ್ರ ಮತ್ತೆ ಸಿಗುವುದಿಲ್ಲ.

`Need` ಹಾಳೆ ಬಹಳ ಚಿಕ್ಕದು, ಆದರೆ ಹೆಚ್ಚು ಯೋಚನೆ ಬೇಡುವುದು ಅದೇ. ಎಡಗಡೆ ಹುದ್ದೆಗಳು: ವೈದ್ಯರು, ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್, ವಾರ್ಡ್ ಆಯಾ, ಹೌಸ್‌ಕೀಪಿಂಗ್, ಫಾರ್ಮಸಿ, ಕಚೇರಿ, ಸೆಕ್ಯುರಿಟಿ. ಎಂಟು ಸಾಲು. ಮೇಲ್ಗಡೆ ಐದು ತರಬೇತಿಗಳ ಚಿಕ್ಕ ಹೆಸರು: ಜೈವಿಕ ತ್ಯಾಜ್ಯಕ್ಕೆ `BMW`, ಅಗ್ನಿ ಸುರಕ್ಷತೆಗೆ `FIRE`, ಹೃದಯ ನಿಂತಾಗ ಮಾಡುವ ಪ್ರಥಮ ಆರೈಕೆಗೆ `BLS`, ಸೋಂಕು ತಡೆಗೆ `HIC`, ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಅರಿವಿಗೆ `POSH`. ಚೌಕದಲ್ಲಿ ಎಷ್ಟು ತಿಂಗಳಿಗೊಮ್ಮೆ ಬೇಕು ಎಂಬ ಸಂಖ್ಯೆ ಬರೆಯಬೇಕು. ಸ್ಟಾಫ್ ನರ್ಸ್‌ಗೆ `BMW` 12. ಕಚೇರಿಯವರಿಗೆ 0, ಅಂದರೆ ಬೇಡ.

ಇಲ್ಲಿ ಯಾವ ಸಂಖ್ಯೆ ಕಾನೂನಿನದು, ಯಾವುದು ನಮ್ಮದು ಎಂದು ತಿಳಿದು ಬರೆಯಬೇಕು. ತ್ಯಾಜ್ಯ ತರಬೇತಿಗೆ ವರ್ಷ ಎಂಬುದು ನಿಯಮದ ಮಾತು, ಅದನ್ನು 18 ತಿಂಗಳು ಮಾಡುವ ಅಧಿಕಾರ ನಮಗಿಲ್ಲ. ಲೈಂಗಿಕ ಕಿರುಕುಳ ತಡೆ ಕುರಿತ 2013ರ ಕಾಯ್ದೆ ನಿಯತ ಕಾಲಕ್ಕೆ ಅರಿವಿನ ಕಾರ್ಯಾಗಾರ ನಡೆಸಿ ಎನ್ನುತ್ತದೆ. ಎಷ್ಟು ತಿಂಗಳು ಎಂದು ಸಂಸ್ಥೆಯೇ ತೀರ್ಮಾನಿಸಿ ಬರೆದಿಡಬೇಕು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಬಿಎಲ್‌ಎಸ್ ಕಾರ್ಡಿಗೆ ಎರಡು ವರ್ಷದ ಆಯುಷ್ಯ, ಅದೂ ಕೊಟ್ಟ ತಿಂಗಳ ಕೊನೆಯ ದಿನದವರೆಗೆ. 2024ರ ಮಾರ್ಚ್ 11ರಂದು ಪಡೆದ ಕಾರ್ಡ್ 2026ರ ಮಾರ್ಚ್ 31ರವರೆಗೆ ನಡೆಯುತ್ತದೆ. ಇಂಥ ವ್ಯತ್ಯಾಸವನ್ನು ಹಾಳೆಯ ಅಡಿಯಲ್ಲೇ ಒಂದು ಸಾಲಿನಲ್ಲಿ ಬರೆದಿಟ್ಟರೆ ಮುಂದೆ ಬರುವವರಿಗೆ ಊಹೆ ಮಾಡುವ ಕಷ್ಟವಿರುವುದಿಲ್ಲ.

ಮೂರನೆಯದು `Log`. ನಿಜವಾದ ದಾಖಲೆ ಇದು. ಒಬ್ಬ ವ್ಯಕ್ತಿ ಒಂದು ತರಬೇತಿಗೆ ಒಂದು ದಿನ ಬಂದರೆ ಒಂದು ಸಾಲು: ಸಿಬ್ಬಂದಿ ಸಂಖ್ಯೆ, ತರಬೇತಿಯ ಚಿಕ್ಕ ಹೆಸರು, ದಿನಾಂಕ, ಸಹಿ ಹಾಳೆಯ ಕ್ರಮಸಂಖ್ಯೆ. ಮುಂದಿನ ವರ್ಷ ಅವರೇ ಮತ್ತೆ ಬಂದರೆ ಹಳೆಯ ದಿನಾಂಕದ ಮೇಲೆ ಹೊಸದನ್ನು ಬರೆಯುವುದಲ್ಲ, ಕೆಳಗೆ ಹೊಸ ಸಾಲು ಸೇರಿಸುವುದು. ಹಾಳೆ ಕೆಳಗೆ ಬೆಳೆಯುತ್ತ ಹೋಗಲಿ. ವರ್ಷಕ್ಕೆ ನಾನೂರು ಐನೂರು ಸಾಲು ಎಕ್ಸೆಲ್‌ಗೆ ಏನೂ ಅಲ್ಲ.

ಇನ್ನು ನಾಲ್ಕನೆಯ ಹಾಳೆ, ಕೋಷ್ಟಕ. `B1` ಕೋಶದಲ್ಲಿ ಯಾವ ದಿನದ ಚಿತ್ರ ಬೇಕೋ ಆ ದಿನಾಂಕ. ನಮ್ಮ ಉದಾಹರಣೆಗೆ 2025ರ ಡಿಸೆಂಬರ್ 31. ಮೂರನೆಯ ಸಾಲಿನಲ್ಲಿ `D`ಯಿಂದ `H`ವರೆಗೆ ತರಬೇತಿಗಳ ಚಿಕ್ಕ ಹೆಸರು. ನಾಲ್ಕನೆಯ ಸಾಲಿನಿಂದ ಕೆಳಗೆ ಆ ದಿನ ಕೆಲಸದಲ್ಲಿದ್ದವರ ಸಂಖ್ಯೆ, ಹೆಸರು, ಹುದ್ದೆ. ಆಮೇಲೆ `D4` ಕೋಶದಲ್ಲಿ ಈ ಸೂತ್ರ ಬರೆದು ಬಲಕ್ಕೂ ಕೆಳಕ್ಕೂ ಎಳೆದರೆ ಆಯಿತು:

```
=LET(m, INDEX(Need!$B$2:$F$9,
        MATCH($C4,Need!$A$2:$A$9,0),
        MATCH(D$3,Need!$B$1:$F$1,0)),
     d, MAXIFS(Log!$C:$C, Log!$A:$A,$A4,
        Log!$B:$B,D$3, Log!$C:$C,"<="&$B$1),
     IF(m=0,"ಬೇಡ",IF(d=0,"ಆಗಿಲ್ಲ",EDATE(d,m))))
```

ಹೆದರಬೇಕಾದ್ದೇನೂ ಇದರಲ್ಲಿಲ್ಲ. ಸೂತ್ರ ಮೂರು ಪ್ರಶ್ನೆ ಕೇಳುತ್ತದೆ. ಈ ಹುದ್ದೆಯವರಿಗೆ ಈ ತರಬೇತಿ ಎಷ್ಟು ತಿಂಗಳಿಗೊಮ್ಮೆ ಬೇಕು? ಅದು `m`. ಇವರು ಈ ತರಬೇತಿಗೆ ಕೊನೆಯ ಸಲ ಬಂದದ್ದು ಯಾವಾಗ, `B1`ರ ದಿನಾಂಕ ದಾಟದಂತೆ? ಅದು `d`. ಸೊನ್ನೆ ತಿಂಗಳಾದರೆ ‘ಬೇಡ’ ಎಂದು ಬರೆ, ಒಮ್ಮೆಯೂ ಬಂದಿಲ್ಲವಾದರೆ ‘ಆಗಿಲ್ಲ’ ಎಂದು ಬರೆ, ಇಲ್ಲವಾದರೆ ಕೊನೆಯ ದಿನಾಂಕಕ್ಕೆ ಅಷ್ಟು ತಿಂಗಳು ಸೇರಿಸಿ ಮುಂದಿನ ಗಡುವು ತೋರಿಸು. ಬಿಎಲ್‌ಎಸ್ ಕಾಲಂನಲ್ಲಿ ಮಾತ್ರ `EDATE` ಬದಲು `EOMONTH` ಹಾಕಿದರೆ ಗಡುವು ತಿಂಗಳ ಕೊನೆಗೆ ಹೋಗಿ ನಿಲ್ಲುತ್ತದೆ. `LET` ಇಲ್ಲದ ಹಳೆಯ ಎಕ್ಸೆಲ್ ಇದ್ದರೆ `m` ಮತ್ತು `d` ಎರಡನ್ನೂ ಬೇರೆ ಹಾಳೆಗಳಲ್ಲಿ ಲೆಕ್ಕ ಹಾಕಿಕೊಂಡು ಕೊನೆಯ ಸಾಲನ್ನು ಮಾತ್ರ ಇಲ್ಲಿ ಬರೆಯಬಹುದು. ಗೂಗಲ್ ಶೀಟ್ಸ್‌ನಲ್ಲಿ ಈ ಸೂತ್ರ ಹೀಗೆಯೇ ನಡೆಯುತ್ತದೆ.

`MAXIFS` ಬಗ್ಗೆ ಒಂದು ಎಚ್ಚರ. ದಾಖಲೆ ಸಿಗದಿದ್ದರೆ ಅದು ಸೊನ್ನೆ ಕೊಡುತ್ತದೆ. ಎಕ್ಸೆಲ್ ಆ ಸೊನ್ನೆಯನ್ನೂ ಒಂದು ದಿನಾಂಕ ಎಂದೇ ತಿಳಿಯುತ್ತದೆ. `IF(d=0` ಎಂಬ ತಡೆ ಇಲ್ಲದಿದ್ದರೆ ಒಮ್ಮೆಯೂ ಬಾರದವರ ಚೌಕದಲ್ಲಿ 1900ರ ಕೊನೆಯ ಯಾವುದೋ ತಾರೀಕು ಕಾಣಿಸುತ್ತದೆ. ಅಂಥ ದಿನಾಂಕ ಕಂಡರೆ ಸೂತ್ರದಲ್ಲಿ ಆ ತಡೆ ತಪ್ಪಿದೆ ಎಂದರ್ಥ.

ಬಣ್ಣಕ್ಕೆ ‘ಕಂಡಿಷನಲ್ ಫಾರ್ಮ್ಯಾಟಿಂಗ್’ ಬಳಸಬೇಕು. `B1`ಕ್ಕಿಂತ ಹಿಂದಿನ ದಿನಾಂಕ ಕೆಂಪು, ಮುಂದಿನ ಮೂವತ್ತು ದಿನದೊಳಗೆ ಬರುವುದು ಹಳದಿ, ‘ಆಗಿಲ್ಲ’ ಎಂಬುದಕ್ಕೆ ಕೆಂಪಿಗಿಂತ ಗಾಢವಾದ ಬೇರೆ ಬಣ್ಣ, ‘ಬೇಡ’ ಎಂಬುದಕ್ಕೆ ಬೂದು. ಮುಗಿದವರಿಗೆ ಹಸಿರು ಹಾಕುವ ಅಭ್ಯಾಸವಿದೆ. ನಾನಾದರೆ ಅದನ್ನು ಬಿಳಿಯಾಗಿಯೇ ಬಿಡುತ್ತೇನೆ. ಹಾಳೆ ತುಂಬ ಹಸಿರಿದ್ದರೆ ಕೆಂಪು ಅದರಲ್ಲಿ ಮುಳುಗುತ್ತದೆ. ನೋಡಬೇಕಾದದ್ದು ಕೆಂಪನ್ನೇ.

ಈಗ ನಮ್ಮ ಆಸ್ಪತ್ರೆಯ ಲೆಕ್ಕಕ್ಕೆ ಬರೋಣ. ಎಚ್‌ಆರ್ ಪಟ್ಟಿಯ 78 ಹೆಸರಿನಲ್ಲಿ ಇಬ್ಬರು ಡಿಸೆಂಬರ್‌ಗೆ ಮೊದಲೇ ಕೆಲಸ ಬಿಟ್ಟವರು, ಹೆಸರು ಮಾತ್ರ ಉಳಿದಿತ್ತು. ಅವರಿಬ್ಬರಿಗೂ ಟಿಕ್ ಇತ್ತು. ಉಳಿದವರು 76. ಹೊರಗುತ್ತಿಗೆಯ ಹೌಸ್‌ಕೀಪಿಂಗ್‌ನವರು 12, ಸೆಕ್ಯುರಿಟಿಯವರು 6. ಒಟ್ಟು 94. ಇವರಲ್ಲಿ ಕಚೇರಿಯ 10 ಜನ ಮತ್ತು ಸೆಕ್ಯುರಿಟಿಯ 6 ಜನ ತ್ಯಾಜ್ಯ ಮುಟ್ಟುವವರಲ್ಲ ಎಂದು `Need` ಹಾಳೆ ಹೇಳುತ್ತದೆ. ಆದ್ದರಿಂದ `BMW` ಕಾಲಂನಲ್ಲಿ ತರಬೇತಿ ಬೇಕಾದವರು 78.

ಹಳೆಯ ಸಂಖ್ಯೆಯೂ 78, ಹೊಸದೂ 78. ಆದರೆ ಆ ಎಪ್ಪತ್ತೆಂಟು ಜನರೇ ಬೇರೆ, ಈ ಎಪ್ಪತ್ತೆಂಟು ಜನರೇ ಬೇರೆ. ಹಳೆಯದರಲ್ಲಿ ಬಿಟ್ಟು ಹೋದ ಇಬ್ಬರೂ ಕಚೇರಿಯ ಹತ್ತು ಜನರೂ ಇದ್ದರು. ಹೊಸದರಲ್ಲಿ ಆ ಹನ್ನೆರಡು ಹೆಸರಿನ ಜಾಗಕ್ಕೆ ಹನ್ನೆರಡು ಜನ ಹೌಸ್‌ಕೀಪಿಂಗ್‌ನವರು ಬಂದಿದ್ದಾರೆ. ಒಟ್ಟು ಮೊತ್ತ ತಾಳೆಯಾದ ಮಾತ್ರಕ್ಕೆ ಪಟ್ಟಿ ಸರಿಯಿದೆ ಎಂದುಕೊಳ್ಳಲು ಆಗದು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಹಳೆಯ 72 ಟಿಕ್‌ಗಳಲ್ಲಿ ಬಿಟ್ಟುಹೋದವರ 2, ಕಚೇರಿಯವರ 8 ಕಳೆದರೆ ಉಳಿದವು 62. ಸಹಿ ಹಾಳೆಗಳನ್ನು ತೆಗೆದು ದಿನಾಂಕ ಬರೆದಾಗ ಆ 62ರಲ್ಲಿ 45 ಮಾತ್ರ ಒಂದು ವರ್ಷದೊಳಗಿನವು, 17 ಗಡುವು ಮೀರಿದವು. ಹೌಸ್‌ಕೀಪಿಂಗ್‌ನ 12 ಜನರಲ್ಲಿ ನಾಲ್ವರು ವಾರ್ಡಿನಲ್ಲಿ ನಡೆದ ತರಬೇತಿಗೆ ಬಂದು ಬೇರೆ ಪುಸ್ತಕದಲ್ಲಿ ಸಹಿ ಹಾಕಿದ್ದರು, ಎಂಟು ಜನ ಒಮ್ಮೆಯೂ ಬಂದಿಲ್ಲ. ಆಸ್ಪತ್ರೆಯ ಸ್ವಂತ ಸಿಬ್ಬಂದಿಯಲ್ಲೂ ನಾಲ್ವರು ಒಮ್ಮೆಯೂ ಬಾರದವರು. ಅಂದರೆ ಸರಿಯಾಗಿ ಮುಗಿದದ್ದು 49, ಗಡುವು ಮೀರಿದ್ದು 17, ಆಗದೇ ಇದ್ದದ್ದು 12. ಶೇ. 92 ಎಂದಿದ್ದದ್ದು ಶೇ. 63ಕ್ಕೆ ಇಳಿಯಿತು. ಒಂದು ದಿನದಲ್ಲಿ ಯಾರ ತರಬೇತಿಯೂ ಹಾಳಾಗಲಿಲ್ಲ. ಇದ್ದದ್ದು ಕಾಣಿಸಿತು, ಅಷ್ಟೇ.

ಬಾಕಿಯ ಒಟ್ಟು ಸಂಖ್ಯೆಯನ್ನು ಕಾಲಂನ ಅಡಿಯಲ್ಲಿ ಹೀಗೆ ಎಣಿಸಬಹುದು. 94 ಜನ ನಾಲ್ಕನೆಯ ಸಾಲಿನಿಂದ 97ರವರೆಗೆ ಇರುತ್ತಾರೆ:

```
=COUNTIF(D4:D97,"<"&$B$1)+COUNTIF(D4:D97,"ಆಗಿಲ್ಲ")
```

ಇದು 29 ಕೊಡುತ್ತದೆ. ಆದರೆ ಫಾರಂ 4ರ ಆ ಸಾಲಿಗೆ ಹೋಗಬೇಕಾದದ್ದು 29 ಅಲ್ಲ, 12. ಅದು ಕೇಳುವುದು ಇದುವರೆಗೆ ಯಾವ ತರಬೇತಿಯೂ ಆಗದವರನ್ನು. ಗಡುವು ಮೀರಿದ 17 ಜನರ ವಿಷಯ ಬೇರೆ. ಅವರು ತರಬೇತಿ ಪಡೆದವರು, ಆದರೆ ವರ್ಷಕ್ಕೊಮ್ಮೆ ಎಂಬ ನಿಯಮ ಅವರ ಮಟ್ಟಿಗೆ ತಪ್ಪಿದೆ. ಇಬ್ಬರನ್ನೂ ‘ಪೆಂಡಿಂಗ್’ ಎಂದು ಒಂದೇ ಗುಂಪಿಗೆ ಹಾಕುವವರು ಬಹಳ. ಮಾಡಬೇಕಾದ ಕೆಲಸ ಮಾತ್ರ ಒಂದೇ ಅಲ್ಲ. 2024ರ ಜೂನ್ 10ರಂದು ಕೊನೆಯ ಸಲ ಬಂದ N-014ರ ಗಡುವು 2025ರ ಜೂನ್ 10ಕ್ಕೆ ಮುಗಿದು ಡಿಸೆಂಬರ್ 31ಕ್ಕೆ 204 ದಿನ ಕಳೆದಿದೆ. ಅವರಿಗೆ ಅರ್ಧ ಗಂಟೆಯ ಮರುಪಾಠ ಸಾಕಾಗಬಹುದು. H-007ಕ್ಕೆ ಯಾವ ಚೀಲಕ್ಕೆ ಏನು ಹಾಕಬೇಕು, ಸೂಜಿ ಹೋಗಬೇಕಾದ ಬಿಳಿ ಡಬ್ಬ ಯಾವುದು ಎಂದು ಮೊದಲಿನಿಂದ, ಅವರ ಭಾಷೆಯಲ್ಲಿ ಹೇಳಿಕೊಡಬೇಕು. ಅದು ಮುಗಿಯುವವರೆಗೆ ಅವರನ್ನು ತ್ಯಾಜ್ಯ ಸಾಗಿಸುವ ಕೆಲಸಕ್ಕೆ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೋಷ್ಟಕ ನಡೆಯತೊಡಗಿದ ಮೇಲೆ ಅದು ಕೆಡುವುದು ಹೇಗೆ ಎಂಬುದನ್ನೂ ಹೇಳಬೇಕು. ಹೆಚ್ಚಿನ ಸಲ ದಿನಾಂಕದಿಂದ ಕೆಡುತ್ತದೆ. ನಾವು 03/04/2025 ಎಂದು ಬರೆದರೆ ನಮ್ಮ ಮನಸ್ಸಿನಲ್ಲಿ ಏಪ್ರಿಲ್ 3. ಕಂಪ್ಯೂಟರಿನಲ್ಲಿ ಅಮೆರಿಕದ ಕ್ರಮ ಇಟ್ಟಿದ್ದರೆ ಅದು ಮಾರ್ಚ್ 4 ಎಂದು ತಿಳಿಯುತ್ತದೆ. ಗಡುವು ಸದ್ದಿಲ್ಲದೆ ಒಂದು ತಿಂಗಳು ಹಿಂದೆ ಸರಿಯುತ್ತದೆ. ಅದೇ 25/04/2025 ಎಂದು ಬರೆದರೆ ಇಪ್ಪತ್ತೈದನೆಯ ತಿಂಗಳು ಇಲ್ಲದ ಕಾರಣ ಅದು ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಕೂರುತ್ತದೆ. `MAXIFS` ಅಕ್ಷರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತರಬೇತಿಗೆ ಬಂದ ವ್ಯಕ್ತಿ ‘ಆಗಿಲ್ಲ’ ಎಂದು ಕಾಣುತ್ತಾರೆ, ಅವರು ಬಂದು ಜಗಳ ಆಡಿದಾಗಲೇ ಗೊತ್ತಾಗುವುದು. ಇದನ್ನು ಮೊದಲೇ ಹಿಡಿಯಲು ಒಂದು ಸುಲಭ ದಾರಿ ಇದೆ. ನಿಜವಾದ ದಿನಾಂಕ ಕೋಶದ ಬಲಕ್ಕೆ ಒತ್ತಿಕೊಂಡಿರುತ್ತದೆ, ಅಕ್ಷರವಾದದ್ದು ಎಡಕ್ಕೆ. ಕಣ್ಣಿಗಿಂತ ಲೆಕ್ಕ ಬೇಕೆಂದರೆ ಇದನ್ನು ಬರೆದು ನೋಡಬಹುದು:

```
=COUNTA(Log!A2:A2000)-COUNT(Log!C2:C2000)
```

ಸೊನ್ನೆ ಬಂದರೆ ಸಾಲುಗಳಿರುವಷ್ಟೇ ದಿನಾಂಕಗಳಿವೆ. 3 ಬಂದರೆ ಮೂರು ಸಾಲಿನಲ್ಲಿ ದಿನಾಂಕ ಇಲ್ಲ, ಅಥವಾ ಅಕ್ಷರವಾಗಿದೆ. ತಿಂಗಳು ದಿನ ಅದಲುಬದಲಾದದ್ದನ್ನು ಮಾತ್ರ ಇದು ಹಿಡಿಯದು. ಅದಕ್ಕೆ 2025-04-03 ಎಂದು ವರ್ಷ ಮೊದಲು ಬರುವಂತೆ ಬರೆಯುವ ಅಭ್ಯಾಸ ಮಾಡಿಕೊಳ್ಳುವುದೇ ಒಳ್ಳೆಯದು.

ಇನ್ನೊಂದು ತೊಂದರೆ, ಸಿಬ್ಬಂದಿ ಸಂಖ್ಯೆಯನ್ನು N-14 ಎಂದೋ ಕೊನೆಗೊಂದು ಖಾಲಿ ಜಾಗ ಬಿಟ್ಟೋ ಬರೆಯುವುದು. ಆ ಸಾಲು ಯಾರಿಗೂ ಸೇರದೆ ಅನಾಥವಾಗಿ ಉಳಿಯುತ್ತದೆ. `Log` ಹಾಳೆಯಲ್ಲಿ ಸಂಖ್ಯೆ ಮತ್ತು ತರಬೇತಿಯ ಹೆಸರನ್ನು ಬೆರಳಚ್ಚು ಮಾಡದೆ ಪಟ್ಟಿಯಿಂದ ಆರಿಸುವ ಹಾಗೆ ‘ಡೇಟಾ ವ್ಯಾಲಿಡೇಷನ್’ ಇಟ್ಟರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಹುದ್ದೆಯ ಹೆಸರು `Need` ಹಾಳೆಯಲ್ಲಿ ಇಲ್ಲದಿದ್ದರೆ ಚೌಕದಲ್ಲಿ `#N/A` ಬರುತ್ತದೆ. ಅದನ್ನು ನೋಡಲಾಗದೆ `IFERROR` ಹಾಕಿ ‘ಬೇಡ’ ಎಂದು ಮುಚ್ಚಿಬಿಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸದಾಗಿ ಬಂದ ಡಯಾಲಿಸಿಸ್ ಟೆಕ್ನಿಷಿಯನ್‌ರ ಹುದ್ದೆ ಪಟ್ಟಿಯಲ್ಲಿಲ್ಲ ಎಂದು ಆ ಕೊಳಕು ಗುರುತು ನಿಮಗೆ ಹೇಳುತ್ತಿದೆ. ಮುಚ್ಚಿದರೆ ಅವರು ಯಾವ ತರಬೇತಿಯೂ ಬೇಡದವರಾಗಿ ವರ್ಷಗಟ್ಟಲೆ ಉಳಿಯುತ್ತಾರೆ.

ಕಾಗದದ ಕಡೆಗೂ ಒಂದು ಮಾತು. ಸಹಿ ಹಾಳೆಯಲ್ಲಿ ತರಬೇತಿಯ ಹೆಸರು, ದಿನಾಂಕ, ಶುರುವಾದ ಮತ್ತು ಮುಗಿದ ಸಮಯ, ಕಲಿಸಿದವರ ಸಹಿ, ಪ್ರತಿಯೊಬ್ಬರ ಸಿಬ್ಬಂದಿ ಸಂಖ್ಯೆ ಇರಬೇಕು. ತಿಂಗಳಿಗೊಮ್ಮೆ ಕೋಷ್ಟಕದಿಂದ ಐದು ಚೌಕ ಆರಿಸಿ, ಅವುಗಳ ಸಹಿ ಹಾಳೆ ಹುಡುಕಿ, ಆ ದಿನದ ಡ್ಯೂಟಿ ರೋಸ್ಟರ್ ಜೊತೆ ತಾಳೆ ನೋಡಿ. ವಾರದ ರಜೆಯಲ್ಲಿದ್ದವರ ಸಹಿ ಹಾಳೆಯಲ್ಲಿದ್ದರೆ ಗೆಳೆಯರು ಯಾರೋ ಹಾಕಿದ್ದಾರೆ ಎಂದಾಗಬಹುದು, ರಜೆಯ ದಿನವೂ ಶ್ರದ್ಧೆಯಿಂದ ಬಂದಿದ್ದಾರೆ ಎಂದೂ ಆಗಬಹುದು. ಗದರುವ ಮೊದಲು ಕೇಳಿ.

ಕೆಂಪು ಚೌಕಗಳನ್ನು ಓದುವಾಗ ಒಬ್ಬೊಬ್ಬರ ಹೆಸರಿನ ಮೇಲೆ ಕಣ್ಣು ನೆಡುವ ಮೊದಲು ಅವು ಎಲ್ಲಿ ಗುಂಪಾಗಿವೆ ಎಂದು ನೋಡುವುದು ಒಳ್ಳೆಯದು. ನಮ್ಮ ಹದಿನೇಳು ಜನರಲ್ಲಿ ಹೆಚ್ಚಿನವರು ರಾತ್ರಿ ಪಾಳಿಯವರೇ ಆಗಿದ್ದರೆ ಅದು ಅವರ ಸೋಮಾರಿತನ ಅಲ್ಲ. ತರಬೇತಿ ಪ್ರತಿ ಸಲವೂ ಮಧ್ಯಾಹ್ನ ಮೂರಕ್ಕೆ ಇಟ್ಟಿದ್ದಾರೆ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ದುಡಿದವರು ಆ ಹೊತ್ತಿಗೆ ಮನೆಯಲ್ಲಿ ಮಲಗಿರುತ್ತಾರೆ. ನೋಟಿಸ್ ಕೊಟ್ಟರೆ ಬರುತ್ತಾರೆ, ಬಂದು ತೂಕಡಿಸುತ್ತಾರೆ. ರಾತ್ರಿ ಎಂಟಕ್ಕೆ ಪಾಳಿ ಬದಲಾಗುವ ಮೊದಲು ನಲವತ್ತು ನಿಮಿಷ ಇಟ್ಟು, ಆ ನಲವತ್ತು ನಿಮಿಷವನ್ನು ಡ್ಯೂಟಿ ಎಂದೇ ಲೆಕ್ಕ ಹಾಕಿದರೆ ಕೆಂಪು ತಾನಾಗಿ ಕರಗುತ್ತದೆ. ಹೆರಿಗೆ ರಜೆಯಲ್ಲಿರುವ ಸಿಸ್ಟರ್ ಕೆಂಪಾಗಿದ್ದರೆ ಅವರಿಗೆ ಫೋನ್ ಮಾಡುವ ಅಗತ್ಯವಿಲ್ಲ. ‘ಬೇಡ’ ಎಂದು ಬದಲಿಸುವುದೂ ತಪ್ಪು. ಅವರು ಮರಳುವ ದಿನ ಬರೆದಿಟ್ಟು, ಮೊದಲ ವಾರದಲ್ಲೇ ತರಬೇತಿ ಕೊಟ್ಟರೆ ಸರಿ.

ಬಾಕಿ ಪಟ್ಟಿಯನ್ನು ಇಡೀ ಆಸ್ಪತ್ರೆಯ ವಾಟ್ಸಾಪ್ ಗುಂಪಿಗೆ ಹಾಕುವ ರೂಢಿ ಕೆಲವು ಕಡೆ ಶುರುವಾಗಿದೆ. ಅದರಿಂದ ಅವಮಾನ ಆಗುತ್ತದೆಯೇ ಹೊರತು ತರಬೇತಿ ಆಗುವುದಿಲ್ಲ. ಪ್ರತಿ ವಾರ್ಡಿನ ಇನ್‌ಚಾರ್ಜ್ ಸಿಸ್ಟರಿಗೆ ಅವರ ವಾರ್ಡಿನ ಹೆಸರುಗಳಷ್ಟನ್ನೇ, ಹೆಚ್ಚು ದಿನ ಬಾಕಿ ಇರುವವರು ಮೊದಲು ಬರುವಂತೆ, ಮುಂದಿನ ಎರಡು ತರಬೇತಿಗಳ ದಿನಾಂಕದ ಜೊತೆ ಕೊಟ್ಟರೆ ಅವರು ರೋಸ್ಟರಿನಲ್ಲೇ ಜಾಗ ಮಾಡಿಕೊಡುತ್ತಾರೆ.

ಕೋಷ್ಟಕ ಹೇಳಲಾರದ ಒಂದು ವಿಷಯವೂ ಇದೆ. ಬಂದವರು ಕಲಿತರೋ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಯಲು ವಾರ್ಡಿಗೆ ಹೋಗಿ ಚೀಲ ನೋಡಬೇಕು. ಎಲ್ಲರ ಚೌಕವೂ ಸರಿಯಿರುವ ವಾರ್ಡಿನ ಹಳದಿ ಚೀಲದಲ್ಲಿ ಸಿರಿಂಜಿನ ಸೂಜಿ ಕಂಡರೆ ದೋಷ ಕೋಷ್ಟಕದಲ್ಲಿಲ್ಲ, ಪಾಠದಲ್ಲಿದೆ.

ನಿಮ್ಮ ಆಸ್ಪತ್ರೆಯಲ್ಲಿ ಇದನ್ನು ಶುರು ಮಾಡುವುದಾದರೆ ಕಂಪ್ಯೂಟರ್ ತೆರೆಯುವ ಮೊದಲು ಒಂದು ಬೆಳಿಗ್ಗೆ ಆರೂವರೆಗೆ ಹಿಂದಿನ ಬಾಗಿಲಿನ ಹತ್ತಿರ ಹೋಗಿ ನಿಲ್ಲಿ. ತ್ಯಾಜ್ಯದ ಚೀಲ ಹೊತ್ತು ಬರುವ ಪ್ರತಿಯೊಬ್ಬರ ಹೆಸರನ್ನೂ ಅವರನ್ನೇ ಕೇಳಿ ಬರೆದುಕೊಳ್ಳಿ. `Staff` ಹಾಳೆಯ ಮೊದಲ ಸಾಲುಗಳು ಅವರದಾಗಿರಲಿ.